ಇವತ್ತು ಮೊದಲ ಓಟು ಹಾಕುವವರು ಪಟ್ಟಿಯ ಕೊನೆಯ ಪುಟಗಳನ್ನು ನೋಡಿ

ಮತದಾನ ಶುರುವಾಗಿದೆ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಸಮಯ ಇದೆ. ನಮ್ಮ ಚಿಂತಾಮಣಿ ಕಡೆ ಇರಲಿ, ಶಿರಾ ಕಡೆ ಇರಲಿ, ಮಾಲೂರು ಕಡೆ ಇರಲಿ, ಈ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗನೋ ಹುಡುಗಿಯೋ ಮೊಬೈಲ್ ಹಿಡಿದು ಕೂತಿರುತ್ತಾರೆ. ಹೆಸರು ಹಾಕಿ ಹುಡುಕಿರುತ್ತಾರೆ. ಏನೂ ಸಿಕ್ಕಿಲ್ಲ ಎಂದು ಬಂದಿರುತ್ತದೆ. "ಬಿಡು, ಮುಂದಿನ ಸಲ ನೋಡೋಣ" ಎಂದು ಮನೆಯವರು ಹೇಳಿರುತ್ತಾರೆ.

ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ನಾನು ಶಾಲೆ ಟೀಚರ್. ಪಾಠದ ಜೊತೆಗೆ ಕೆಲವು ವರ್ಷ ಬಿ.ಎಲ್.ಒ. ಕೆಲಸವನ್ನೂ ಮಾಡಿದ್ದೇನೆ. ಬಿ.ಎಲ್.ಒ. ಅಂದರೆ ಒಂದು ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಮನೆ ಮನೆಗೆ ಹೋಗಿ ಹೆಸರು ಸೇರಿಸುವವರು. ಆ ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ಸಲದವರಿಗೆ ಹೆಸರು ಸಿಗದಿದ್ದರೆ ಪಟ್ಟಿಯಲ್ಲಿ ಹೆಸರೇ ಇಲ್ಲ ಎಂದು ತಿಳಿಯಬೇಡಿ. ಬಹಳ ಸಲ ಹೆಸರು ಇರುತ್ತದೆ. ನೀವು ಬರೆಯುವ ಕಾಗುಣಿತದಲ್ಲಿ ಇರುವುದಿಲ್ಲ, ನೀವು ನೋಡುವ ಪುಟದಲ್ಲಿ ಇರುವುದಿಲ್ಲ, ಅಷ್ಟೇ.

ಹುಡುಕುವುದಕ್ಕೆ ಒಂದು ಕ್ರಮ ಇದೆ. ಅದನ್ನು ನಮ್ಮ ಅಕ್ಕನ ಮಗಳ ವಿಷಯ ಇಟ್ಟುಕೊಂಡೇ ಹೇಳುತ್ತೇನೆ. ಅವಳ ನಿಜವಾದ ಹೆಸರು ಇಲ್ಲಿ ಬೇಡ, ಚೈತ್ರ ಅಂದುಕೊಳ್ಳಿ. ಅಪ್ಪನ ಹೆಸರು ನಾರಾಯಣಸ್ವಾಮಿ ಅಂದುಕೊಳ್ಳಿ. ನಮ್ಮ ಕಡೆ ಬೀದಿಗೆ ಇಬ್ಬರು ನಾರಾಯಣಸ್ವಾಮಿಗಳು ಇದ್ದೇ ಇರುತ್ತಾರೆ, ಅದೂ ಈ ಕಥೆಗೆ ಬೇಕಾಗುತ್ತದೆ.

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆಗೆ ಮತದಾನ. ನಾನು ಶಾಲೆಯ ಗೇಟಿನ ಪಕ್ಕ ಮೇಜು ಹಾಕಿಕೊಂಡು, ಮುಂದೆ ಪಟ್ಟಿ ಇಟ್ಟುಕೊಂಡು ಕೂತಿದ್ದೆ. ಎಂಟು ಗಂಟೆ ಸುಮಾರಿಗೆ ಊರಿನಿಂದ ಫೋನ್ ಬಂತು. "ಚಿಕ್ಕಮ್ಮ, ನನ್ನ ಹೆಸರೇ ಇಲ್ಲ. ಕಾರ್ಡೂ ಬಂದಿಲ್ಲ. ಅಪ್ಪ ಅಮ್ಮ ಹೋಗಿ ಓಟು ಹಾಕಿ ಬಂದರು." ಅಳು ಗಂಟಲಲ್ಲೇ ಇತ್ತು. ಆ ವರ್ಷ ಫೆಬ್ರವರಿಯಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು. ಅದಕ್ಕೂ ಮೊದಲೇ, ಹದಿನೇಳು ಇರುವಾಗಲೇ, ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ತುಂಬಿದ್ದಳು. ಹದಿನೆಂಟು ತುಂಬಿದೆಯಾ ಎಂದು ಲೆಕ್ಕ ಹಾಕುವುದಕ್ಕೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ದಾಟಿದವರು ಮೊದಲೇ ಅರ್ಜಿ ಕೊಟ್ಟಿಡಬಹುದು. ಅವಳ ಲೆಕ್ಕಕ್ಕೆ ಬಂದದ್ದು ಏಪ್ರಿಲ್ 1.

ಮೊದಲು ನಂಬರಿನಿಂದ ಹುಡುಕಿ

ಹೆಸರು ಹಾಕಿ ಹುಡುಕುವುದು ಕೊನೆಯ ದಾರಿ. ಎಲ್ಲರೂ ಅದನ್ನೇ ಮೊದಲು ಮಾಡುತ್ತಾರೆ. ಚುನಾವಣಾ ಆಯೋಗದ ಹುಡುಕಾಟದ ಪುಟ ಇದು:

```
electoralsearch.eci.gov.in
```

ಅಲ್ಲಿ ಮೂರು ದಾರಿ ಇವೆ: ವೋಟರ್ ಐಡಿ ನಂಬರಿನಿಂದ, ವಿವರಗಳಿಂದ, ಮೊಬೈಲ್ ನಂಬರಿನಿಂದ. ವೋಟರ್ ಐಡಿ ನಂಬರ್ ಅಂದರೆ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ಕಾರ್ಡ್ ಕೈಗೆ ಬರದಿದ್ದರೂ ನಂಬರ್ ಆಗಲೇ ಆಗಿರಬಹುದು. ಅರ್ಜಿ ಹಾಕಿದಾಗ ಒಂದು ರೆಫರೆನ್ಸ್ ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬಂದಿರುತ್ತದೆ, ಹಳೆಯ ಮೆಸೇಜುಗಳಲ್ಲಿ ಹುಡುಕಿ. `voters.eci.gov.in` ಪುಟದಲ್ಲಿ ಅದನ್ನು ಹಾಕಿದರೆ ಅರ್ಜಿ ಎಲ್ಲಿಗೆ ಬಂದಿದೆ ಎಂದು ತೋರಿಸುತ್ತದೆ. Accepted ಎಂದು ಬಂದರೆ ಧೈರ್ಯವಾಗಿ ಮುಂದೆ ಹುಡುಕಿ. Rejected ಎಂದು ಬಂದರೆ ಏನು ಮಾಡಬೇಕು ಎಂದು ಕೊನೆಯಲ್ಲಿ ಹೇಳಿದ್ದೇನೆ.

ಮೊಬೈಲ್ ನಂಬರಿನ ವಿಷಯಕ್ಕೆ ಬರೋಣ. ಚೈತ್ರ ತನ್ನ ನಂಬರ್ ಹಾಕಿ ನೋಡಿದ್ದಳು, ಏನೂ ಬರಲಿಲ್ಲ. "ಅರ್ಜಿಯಲ್ಲಿ ಯಾರ ನಂಬರ್ ಕೊಟ್ಟಿದ್ದೆ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ "ಅಪ್ಪನದು" ಅಂದಳು. ಅರ್ಜಿ ತುಂಬುವಾಗ ಅವಳ ಹತ್ತಿರ ಫೋನೇ ಇರಲಿಲ್ಲ. ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ಕಾಲೇಜಿನ ಕ್ಯಾಂಪಿನಲ್ಲಿ ತುಂಬಿದ್ದರೆ ಅಪ್ಪನದೋ ಅಣ್ಣನದೋ ನಂಬರ್ ಬರೆದಿರುತ್ತೀರಿ. ಆಮೇಲೆ ಮರೆತಿರುತ್ತೀರಿ. ಅರ್ಜಿಯಲ್ಲಿ ಕೊಟ್ಟ ನಂಬರಿಗೇ ಓಟಿಪಿ ಹೋಗುತ್ತದೆ. ಹಾಗಾಗಿ ಆ ಫೋನ್ ಇಟ್ಟುಕೊಂಡವರು ಪಕ್ಕದಲ್ಲಿರಬೇಕು, ಇಲ್ಲವಾದರೆ ಫೋನಿನಲ್ಲಿ ಸಿಗುವಂತಿರಬೇಕು. ಭಾವ ಆ ಹೊತ್ತಿಗೆ ಓಟು ಹಾಕಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿಬಿಟ್ಟಿದ್ದರು. ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಕಳಚಿ ಎದ್ದಿದ್ದವು, ಸೊಪ್ಪು ಹಾಕದೆ ಆಗುವುದಿಲ್ಲ. ಅವರ ಫೋನ್ ಮೂರು ಸಲ ರಿಂಗಾಗಿ ನಿಂತಿತು.

ಆ ದಾರಿ ಮುಚ್ಚಿತು. ಮುಂದಿನದಕ್ಕೆ ಹೋದೆವು.

ಹೆಸರಿನಿಂದ ಹುಡುಕುವಾಗ ಕಾಗುಣಿತವೇ ತೊಡಕು

ಅರ್ಜಿಯಲ್ಲಿ ಹೆಸರನ್ನು ಬಹಳ ಜನ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಕಂಪ್ಯೂಟರ್ ಕನ್ನಡಕ್ಕೆ ತಿರುಗಿಸುತ್ತದೆ. ಕನ್ನಡದಲ್ಲಿ ಸರಿಯಾಗಿದೆಯಾ ಎಂದು ನೋಡಿ ತಿದ್ದುವುದಕ್ಕೆ ಅವಕಾಶ ಇದೆ, ಆದರೆ ಅವಸರದಲ್ಲಿ ಯಾರು ನೋಡುತ್ತಾರೆ? ಹಾಗಾಗಿ ಚೈತ್ರ ಅನ್ನುವುದು ಚೈತ್ರಾ ಆಗಬಹುದು, ಚೈಥ್ರ ಆಗಬಹುದು, ಚೇತ್ರ ಆಗಬಹುದು. ಶ್ರೇಯಾ ಶ್ರೆಯ ಆಗುತ್ತದೆ. ಗಣೇಶ ಗನೇಶ್ ಆಗುತ್ತಾನೆ. ಬಾಗೇಪಲ್ಲಿ, ಪಾವಗಡದ ತೆಲುಗು ಮನೆಗಳ ಹೆಸರು, ಕೆಜಿಎಫ್‌ನ ತಮಿಳು ಮನೆಗಳ ಹೆಸರು ಕನ್ನಡಕ್ಕೆ ಬರುವಾಗ ಇನ್ನೂ ಜಾಸ್ತಿ ಬದಲಾಗುತ್ತವೆ.

ಇನಿಷಿಯಲ್ ಇನ್ನೊಂದು ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಚೈತ್ರ ಎನ್" ಎಂದಿದ್ದರೆ ಪಟ್ಟಿಯಲ್ಲೂ ಹಾಗೇ ಬಂದಿರಬಹುದು. ಆಧಾರ್‌ನಲ್ಲಿ ಬರೀ "ಚೈತ್ರ" ಎಂದಿರಬಹುದು. ಹುಡುಕುವಾಗ ಇನಿಷಿಯಲ್ ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ನೋಡಿ. ಅಪ್ಪನ ಹೆಸರಿನಲ್ಲೂ ಅಷ್ಟೇ. ನಾರಾಯಣಸ್ವಾಮಿ ಒಂದೇ ಪದವಾಗಿ ಹಾಕಿ, ಆಮೇಲೆ ನಾರಾಯಣ ಸ್ವಾಮಿ ಎಂದು ಬಿಡಿಸಿ ಹಾಕಿ. ಊರಲ್ಲಿ ನಾರಾಯಣಪ್ಪ ಎಂದು ಕರೆಯುವವರ ಹೆಸರು ದಾಖಲೆಯಲ್ಲಿ ನಾರಾಯಣಸ್ವಾಮಿ ಆಗಿರುತ್ತದೆ, ತಿರುಗಿಸಿಯೂ ಆಗಿರುತ್ತದೆ. ಇನ್ನೊಂದು ಮಾತು. ಅರ್ಜಿಯಲ್ಲಿ ಸಂಬಂಧಿಕರ ಜಾಗದಲ್ಲಿ ಅಮ್ಮನ ಹೆಸರು ಬರೆದಿದ್ದೀರಾ? ಹಾಗಿದ್ದರೆ ಅಪ್ಪನ ಹೆಸರು ಹಾಕಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹಾಗೆಯೇ ವಿಧಾನಸಭಾ ಕ್ಷೇತ್ರ ಸರಿಯಾಗಿ ಆರಿಸಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದರ ಗೊಂದಲ ಸ್ವಲ್ಪ ಜಾಸ್ತಿ. ಚಿಂತಾಮಣಿ ಮತ್ತು ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ, ಆದರೆ ಲೋಕಸಭೆಗೆ ಕೋಲಾರ ಕ್ಷೇತ್ರ. ಶಿರಾ, ಪಾವಗಡ ತುಮಕೂರು ಜಿಲ್ಲೆ, ಲೋಕಸಭೆಗೆ ಚಿತ್ರದುರ್ಗ. ಕುಣಿಗಲ್ ಲೋಕಸಭೆಗೆ ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತದೆ. ಪಟ್ಟಿ ಇರುವುದು ವಿಧಾನಸಭಾ ಕ್ಷೇತ್ರದ ಲೆಕ್ಕದಲ್ಲಿ. ಹಾಗಾಗಿ ಲೋಕಸಭೆ ಚುನಾವಣೆಯೇ ಆಗಿದ್ದರೂ ಚಿಂತಾಮಣಿಯವರು ಹುಡುಕಬೇಕಾದದ್ದು ಚಿಕ್ಕಬಳ್ಳಾಪುರ ಜಿಲ್ಲೆ, ಚಿಂತಾಮಣಿ ಕ್ಷೇತ್ರ. ಅದರ ಸಂಖ್ಯೆ 143. ಚೈತ್ರ ಕೋಲಾರ ಎಂದು ಹಾಕಿ ಎರಡು ಸಲ ನೋಡಿದ್ದಳಂತೆ. ಬ್ಯಾನರಿನಲ್ಲಿ ಕೋಲಾರ ಲೋಕಸಭಾ ಕ್ಷೇತ್ರ ಎಂದು ಓದಿದ್ದಳಲ್ಲ, ಅದಕ್ಕೆ.

ಹಾಸ್ಟೆಲಿನಲ್ಲಿದ್ದು ಓದುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ಅರ್ಜಿ ಕಾಲೇಜಿನ ಕ್ಯಾಂಪಿನಲ್ಲಿ ಕೊಟ್ಟಿದ್ದರೆ, ವಿಳಾಸ ಊರಿನದೋ ಹಾಸ್ಟೆಲಿನದೋ ಎಂದು ನೆನಪು ಮಾಡಿಕೊಳ್ಳಿ. ಹಾಸ್ಟೆಲ್ ವಿಳಾಸ ಕೊಟ್ಟು ತುಮಕೂರು ನಗರ ಕ್ಷೇತ್ರದಲ್ಲಿ ಹೆಸರು ಸೇರಿದ್ದರೆ, ಮಧುಗಿರಿಯ ಮನೆ ಮುಂದಿನ ಬೂತಿನಲ್ಲಿ ಓಟು ಹಾಕುವುದಕ್ಕೆ ಆಗುವುದಿಲ್ಲ. ಓಟಿಗೆಂದು ಊರಿಗೆ ಬಂದು, ಬೂತಿನ ಮುಂದೆ ನಿಂತ ಮೇಲೆ ಇದು ಗೊತ್ತಾದ ಮಕ್ಕಳನ್ನು ನಾನು ನೋಡಿದ್ದೇನೆ. ಅಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಬೆಳಿಗ್ಗೆ ಗೊತ್ತಾದರೆ ವಾಪಸ್ ಬಸ್ಸು ಹತ್ತಿ ಆರು ಗಂಟೆಯೊಳಗೆ ಆ ಬೂತಿಗೆ ಸೇರಿಕೊಳ್ಳಬಹುದು. ಈಗಲೇ ನೋಡಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಅಮ್ಮನ ಚೀಟಿ ಹಿಡಿದು ಪಟ್ಟಿಯನ್ನೇ ತೆರೆಯಿರಿ

ಹುಡುಕಾಟದಲ್ಲಿ ಸಿಗದೆ ಹೋದಾಗ ನಾನು ಚೈತ್ರಾಗೆ ಹೇಳಿದ್ದು ಒಂದೇ ಮಾತು. "ಅಮ್ಮನ ಓಟಿನ ಚೀಟಿ ತಗೊ. ಅದರಲ್ಲಿ ಭಾಗ ಸಂಖ್ಯೆ ಇರುತ್ತೆ, ಓದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಭಾಗಗಳಾಗಿ ಮಾಡಿರುತ್ತಾರೆ. ಒಂದು ಭಾಗ ಎಂದರೆ ಹೆಚ್ಚುಕಡಿಮೆ ಒಂದು ಬೂತು. ಒಂದೇ ಮನೆಯವರು ಸಾಮಾನ್ಯವಾಗಿ ಒಂದೇ ಭಾಗದಲ್ಲಿರುತ್ತಾರೆ. ಹಾಗಾಗಿ ಅಮ್ಮನ ಭಾಗ ಸಂಖ್ಯೆ ಸಿಕ್ಕರೆ ನಿಮ್ಮ ಹೆಸರು ಇರಬೇಕಾದ ಪುಸ್ತಕ ಸಿಕ್ಕಿತು. `voters.eci.gov.in` ಪುಟದಲ್ಲಿ Download Electoral Roll ಎಂಬ ಕಡೆ ರಾಜ್ಯ, ಜಿಲ್ಲೆ, ಕ್ಷೇತ್ರ ಆರಿಸಿ, ಕನ್ನಡ ಭಾಷೆ ಆರಿಸಿ, ತೀರಾ ಇತ್ತೀಚಿನ ಅಂತಿಮ ಪಟ್ಟಿ ಆರಿಸಿ, ಆ ಭಾಗದ ಪಿಡಿಎಫ್ ಇಳಿಸಿಕೊಳ್ಳಬಹುದು. ಮತದಾನದ ದಿನ ಸರ್ವರ್ ನಿಧಾನ ಇರುತ್ತದೆ, ಎರಡು ಮೂರು ಸಲ ಪ್ರಯತ್ನ ಮಾಡಿ. ಈ ಪಿಡಿಎಫ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕುವುದಕ್ಕೆ ಆಗುವುದಿಲ್ಲ, ಪುಟಗಳು ಚಿತ್ರದ ಹಾಗೆ ಇರುತ್ತವೆ. ಕಣ್ಣಲ್ಲೇ ಓದಬೇಕು.

ಹೇಗೆ ಓದಬೇಕು? ಪುಟ ತೆರೆದರೆ ಚೌಕ ಚೌಕ ಕಾಣುತ್ತದೆ. ಒಂದು ಪುಟಕ್ಕೆ ಮೂವತ್ತು ಚೌಕ, ಒಂದೊಂದರಲ್ಲಿ ಒಬ್ಬೊಬ್ಬ ಮತದಾರ. ಚೌಕದ ಮೂಲೆಯಲ್ಲಿ ಕ್ರಮ ಸಂಖ್ಯೆ, ಇನ್ನೊಂದು ಮೂಲೆಯಲ್ಲಿ ವೋಟರ್ ಐಡಿ ನಂಬರ್, ಕೆಳಗೆ ಹೆಸರು, ತಂದೆ ತಾಯಿ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು. ಮನೆ ಸಂಖ್ಯೆಯ ಕ್ರಮದಲ್ಲಿ ಹೋಗುತ್ತದೆ. ಹಾಗಾಗಿ ಎಲ್ಲರೂ ಮಾಡುವುದೇನು? ಅಪ್ಪ ಅಮ್ಮನ ಹೆಸರು ಇರುವ ಪುಟ ಹುಡುಕುತ್ತಾರೆ. ಅಪ್ಪ ಇದ್ದಾರೆ, ಅಮ್ಮ ಇದ್ದಾರೆ, ಅಜ್ಜಿ ಇದ್ದಾರೆ. ನಾನಿಲ್ಲ. ಅಲ್ಲಿಗೆ ಪಿಡಿಎಫ್ ಮುಚ್ಚಿಬಿಡುತ್ತಾರೆ.

ಮುಚ್ಚಬೇಡಿ. ಹೊಸಬರ ಹೆಸರು ಅಲ್ಲಿ ಇರುವುದಿಲ್ಲ. ಮೂಲ ಪಟ್ಟಿ ಮುಗಿದ ಮೇಲೆ, ಕೊನೆಯಲ್ಲಿ, ಪೂರಕ ಪಟ್ಟಿ ಎಂದು ಬೇರೆಯೇ ಇರುತ್ತದೆ. ಪರಿಷ್ಕರಣೆ ಸಮಯದಲ್ಲಿ ಮತ್ತು ಅದಾದ ಮೇಲೆ ಸೇರಿದವರೆಲ್ಲ ಆ ಸೇರ್ಪಡೆಯ ಪುಟಗಳಲ್ಲಿ ಇರುತ್ತಾರೆ. ಅಪ್ಪನದು ಕ್ರಮ ಸಂಖ್ಯೆ ನಾನೂರು ಚಿಲ್ಲರೆ ಇದ್ದರೆ ಮಗಳದು ಸಾವಿರದ ಹತ್ತಿರ ಇರಬಹುದು. ಮುಂದಿನ ಸಲ ಪಟ್ಟಿಯನ್ನು ಹೊಸದಾಗಿ ಜೋಡಿಸುವಾಗ ಅವಳ ಹೆಸರು ಮನೆಯವರ ಪಕ್ಕಕ್ಕೆ ಬರುತ್ತದೆ. ಮೊದಲ ಸಲ ಮಾತ್ರ ಹೀಗೆ ಕೊನೆಯಲ್ಲಿರುತ್ತದೆ.

ಚೈತ್ರ ಪಿಡಿಎಫ್ ಇಳಿಸಿಕೊಳ್ಳುವ ಹೊತ್ತಿಗೆ ಒಂಬತ್ತೂವರೆ. ನಾನು ಇತ್ತ ಜನರಿಗೆ ಕ್ರಮ ಸಂಖ್ಯೆ ಬರೆದುಕೊಡುತ್ತ, ಅತ್ತ ಫೋನಿನಲ್ಲಿ ಅವಳಿಗೆ ಹೇಳುತ್ತ ಇದ್ದೆ. "ಕೊನೆಯ ಪುಟದಿಂದ ಹಿಂದಕ್ಕೆ ಬಾ." ಅವಳು ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತ ಬಂದಳು. ಆಮೇಲೆ ಸುಮ್ಮನಾದಳು. "ಚಿಕ್ಕಮ್ಮ, ಇಲ್ಲೊಂದು ಚೈಥ್ರಾ ಎನ್ ಅಂತ ಇದೆ. ತಂದೆ ನಾರಾಯಣ ಸ್ವಾಮಿ, ಬಿಡಿಸಿ ಬರೆದಿದ್ದಾರೆ. ವಯಸ್ಸು ಹದಿನೆಂಟು. ಮನೆ ನಂಬರ್ ನಮ್ಮದೇ." ಹೆಸರೂ ಬೇರೆ, ಅಪ್ಪನ ಹೆಸರೂ ಬೇರೆ. ಹುಡುಕಾಟದಲ್ಲಿ ಹೇಗೆ ಸಿಗಬೇಕು ಹೇಳಿ?

ಆದರೆ ಬೀದಿಯಲ್ಲಿ ಇನ್ನೊಬ್ಬ ನಾರಾಯಣಸ್ವಾಮಿ ಇದ್ದಾರಲ್ಲ. ಹಾಗಾಗಿ ಹೆಸರು ಕಂಡ ತಕ್ಷಣ ಖುಷಿಪಟ್ಟು ಹೋಗಬಾರದು. ವಯಸ್ಸು, ಮನೆ ಸಂಖ್ಯೆ ಎರಡೂ ತಾಳೆಯಾಗಬೇಕು. ಆ ಚೌಕದಲ್ಲಿದ್ದ ವೋಟರ್ ಐಡಿ ನಂಬರನ್ನು ಮೊದಲು ಹೇಳಿದ ಪುಟದಲ್ಲಿ ಹಾಕಿಸಿದೆ. ಬೂತಿನ ಹೆಸರಿನ ಸಮೇತ ಎಲ್ಲ ವಿವರ ಬಂತು. ಅವಳದೇ.

ಪೂರಕ ಪಟ್ಟಿಯಲ್ಲಿ ಸೇರ್ಪಡೆ ಒಂದೇ ಅಲ್ಲ, ತೆಗೆದುಹಾಕಿದವರ ಪಟ್ಟಿಯೂ ಇರುತ್ತದೆ. ಅವರ ಚೌಕದ ಮೇಲೆ ಅಡ್ಡಲಾಗಿ ಅಳಿಸಲಾಗಿದೆ ಎಂಬ ಮುದ್ರೆ ಬಿದ್ದಿರುತ್ತದೆ. ಹಾಗೆ ಮುದ್ರೆ ಬಿದ್ದ ಚೌಕದಲ್ಲಿ ನಿಮ್ಮ ಹೆಸರಿದ್ದರೆ ಇವತ್ತು ಓಟಿಲ್ಲ. ಆದರೆ ಗಾಬರಿ ಬೇಡ, ಪೂರ್ತಿ ನೋಡಿ. ಎರಡು ಕಡೆ ಹೆಸರಿದ್ದು ಒಂದನ್ನು ತೆಗೆದಿದ್ದರೆ ಇನ್ನೊಂದು ಉಳಿದಿರುತ್ತದೆ.

ಕಂಡ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ

ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಬೂತಿನ ಹೆಸರು. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ಇದೆ ಎಂದು ಹೋಗಬೇಡಿ. ಮತಗಟ್ಟೆಯೊಳಗೆ ಮೊಬೈಲ್ ಬಿಡುವುದಿಲ್ಲ. ಒಳಗೆ ಮೊದಲ ಮೇಜಿನ ಅಧಿಕಾರಿ ಕೇಳುವುದು ಕ್ರಮ ಸಂಖ್ಯೆಯನ್ನು. ಹೇಳಿದರೆ ಅವರು ನೇರ ಆ ಪುಟ ತೆಗೆಯುತ್ತಾರೆ. ಹೇಳದಿದ್ದರೆ ಅವರೂ ಅಪ್ಪ ಅಮ್ಮನ ಹೆಸರಿನ ಪಕ್ಕದಲ್ಲಿ ಹುಡುಕಿ, ಸಿಗಲಿಲ್ಲ ಎಂದು ತಲೆ ಎತ್ತಿ ನೋಡುತ್ತಾರೆ. ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಆಗ ಮೊದಲ ಸಲ ಬಂದ ಹುಡುಗಿ ಹೆದರಿ ಹೊರಗೆ ಬಂದುಬಿಡುತ್ತಾಳೆ. ಕೈಯಲ್ಲಿ ಚೀಟಿ ಇದ್ದರೆ "ಪೂರಕ ಪಟ್ಟಿಯಲ್ಲಿದೆ ಸಾರ್, ಕ್ರಮ ಸಂಖ್ಯೆ ಇಷ್ಟು" ಎಂದು ಹೇಳಬಹುದು.

ಒಂದು ಶಾಲೆಯಲ್ಲಿ ಮೂರು ನಾಲ್ಕು ಬೂತು ಇರುವುದು ಸಾಮಾನ್ಯ. ಬಾಗಿಲ ಮೇಲೆ ಅಂಟಿಸಿದ ಸಂಖ್ಯೆ ಓದಿಯೇ ಸಾಲಿನಲ್ಲಿ ನಿಲ್ಲಿ. ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ "ಇದು ನಿಮ್ಮ ರೂಮಲ್ಲ" ಅನ್ನಿಸಿಕೊಳ್ಳುವುದು ಬೇಡ.

ಕಾರ್ಡ್ ಬಂದಿಲ್ಲ ಎಂಬ ಚಿಂತೆ ಬಿಡಿ. ಪಟ್ಟಿಯಲ್ಲಿ ಹೆಸರಿದ್ದು ವೋಟರ್ ಐಡಿ ಇಲ್ಲದಿದ್ದರೆ ಬೇರೆ ಗುರುತಿನ ಚೀಟಿ ನಡೆಯುತ್ತದೆ. ಆಧಾರ್, ಪಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಅಂಗವಿಕಲರ ಯುಡಿಐಡಿ ಕಾರ್ಡ್ ಎಲ್ಲ ಆ ಪಟ್ಟಿಯಲ್ಲಿವೆ. ಅಸಲು ಕಾರ್ಡೇ ತೆಗೆದುಕೊಂಡು ಹೋಗಿ, ಜೆರಾಕ್ಸ್ ಬೇಡ. ಕಾಲೇಜಿನ ಐಡಿ ಕಾರ್ಡ್ ನಡೆಯುವುದಿಲ್ಲ. ಬಿ.ಎಲ್.ಒ. ಕೊಟ್ಟ ಓಟಿನ ಚೀಟಿಯೂ ಗುರುತಿನ ದಾಖಲೆ ಅಲ್ಲ, ಅದು ಸಂಖ್ಯೆ ತಿಳಿಯಲು ಮಾತ್ರ. ಪಟ್ಟಿಯಲ್ಲಿ ಚೈಥ್ರಾ, ಆಧಾರ್‌ನಲ್ಲಿ ಚೈತ್ರ ಎಂದಿದ್ದರೆ? ಇಂತಹ ಸಣ್ಣ ಅಕ್ಷರ ತಪ್ಪಿಗೆ ಓಟು ತಡೆಯಬಾರದು ಎಂದೇ ಸೂಚನೆ ಇದೆ, ಆಳು ಅವರೇ ಎಂದು ಗೊತ್ತಾದರೆ ಸಾಕು. ತಿದ್ದುಪಡಿಗೆ ನಮೂನೆ 8 ಇದೆ, ಅದನ್ನು ಆಮೇಲೆ ಮಾಡಿಕೊಳ್ಳಿ.

ಮೊಬೈಲಿನಲ್ಲಿ ಏನೂ ಸಿಗದಿದ್ದರೆ ಬೂತಿನ ಹತ್ತಿರ ಹೋಗಿ

ವೆಬ್‌ಸೈಟಿನ ಪಿಡಿಎಫ್‌ಗಿಂತ ಬೂತಿಗೆ ಕೊಟ್ಟಿರುವ ಪಟ್ಟಿ ಹೊಸದಾಗಿರಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನದವರೆಗೆ ಹೆಸರು ಸೇರಿಸುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. 2024ರಲ್ಲಿ ನಮಗೆ ಆ ಕೊನೆಯ ದಿನ ಏಪ್ರಿಲ್ 4 ಆಗಿತ್ತು. ಹಾಗೆ ಕೊನೆಗೆ ಸೇರಿದವರ ಹೆಸರು ಬೂತಿನ ಪಟ್ಟಿಯ ಕೊನೆಯ ಪೂರಕದಲ್ಲಿರುತ್ತದೆ.

ಬೂತಿನ ಹೊರಗೆ ಮತದಾರರ ಸಹಾಯ ಕೇಂದ್ರ ಎಂದು ಒಂದು ಮೇಜು ಇರುತ್ತದೆ. ಅಲ್ಲಿ ಬಿ.ಎಲ್.ಒ. ಇರುತ್ತಾರೆ. ನಿಮ್ಮ ಊರಿನ ಅಂಗನವಾಡಿ ಟೀಚರೋ, ಶಾಲೆ ಮೇಷ್ಟ್ರೋ ಆಗಿರುತ್ತಾರೆ, ಮುಖ ಪರಿಚಯ ಇರುತ್ತದೆ. ಅವರ ಹತ್ತಿರ ಅಕ್ಷರ ಕ್ರಮದಲ್ಲಿ ಜೋಡಿಸಿದ ಪಟ್ಟಿಯೂ ಇರುತ್ತದೆ. ಅವರನ್ನು ಕೇಳಿ. ಪಕ್ಷದವರ ಟೇಬಲ್ ಬೇರೆ, ಅದು ಬೂತಿನಿಂದ ನೂರು ಮೀಟರ್ ಆಚೆ ಇರುತ್ತದೆ. ಅವರೂ ಹುಡುಕಿಕೊಡುತ್ತಾರೆ, ಆದರೆ ಅವರ ಹತ್ತಿರ ಕೊನೆಯ ಪೂರಕ ಇಲ್ಲದೆಯೂ ಇರಬಹುದು. ಅವರು ಇಲ್ಲ ಎಂದರೆ ವಾಪಸ್ ಹೋಗಬೇಡಿ, ಮುಂದೆ ಬಂದು ಬಿ.ಎಲ್.ಒ.ರನ್ನು ಕೇಳಿ. ನಿಮ್ಮ ಊರಿಗೆ ಎರಡು ಭಾಗ ಇದ್ದರೆ ಪಕ್ಕದ ಭಾಗದ ಪಟ್ಟಿಯನ್ನೂ ನೋಡಿಸಿ. ಅಣ್ಣ ಒಂದು ಭಾಗದಲ್ಲಿ, ತಂಗಿ ಇನ್ನೊಂದರಲ್ಲಿ ಸೇರಿಹೋದದ್ದನ್ನು ನಾನೇ ಕಂಡಿದ್ದೇನೆ. ದಾರಿ ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ.

ಹೊರಗೆ ಓದುವವರಿಗೆ ಇನ್ನೊಂದು ವಿಷಯ ಗೊತ್ತಿರಲಿ. ಚೀಟಿ ಹಂಚಲು ಬಂದಾಗ ಮನೆಯಲ್ಲಿ ಸಿಗದವರನ್ನು, ಊರು ಬಿಟ್ಟವರನ್ನು, ತೀರಿಹೋದವರನ್ನು ಬಿ.ಎಲ್.ಒ. ಬೇರೆ ಪಟ್ಟಿ ಮಾಡಿಕೊಡುತ್ತಾರೆ. ಕಚೇರಿ ಭಾಷೆಯಲ್ಲಿ ಅದಕ್ಕೆ ಎಎಸ್‌ಡಿ ಪಟ್ಟಿ ಎನ್ನುತ್ತೇವೆ. ಹಾಸ್ಟೆಲ್ ಮಕ್ಕಳ ಹೆಸರು ಅದರಲ್ಲಿ ಬರುವುದು ಜಾಸ್ತಿ. ಮತಗಟ್ಟೆಯಲ್ಲಿ "ನಿಮ್ಮ ಹೆಸರು ಆ ಪಟ್ಟಿಯಲ್ಲಿದೆ" ಎಂದರೆ ಓಟು ಹೋಯಿತು ಎಂದು ಅಲ್ಲ. ಅಳಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗುರುತಿನ ಚೀಟಿಯನ್ನು ಹೆಚ್ಚು ಗಮನವಿಟ್ಟು ನೋಡುತ್ತಾರೆ, ಸಹಿಯ ಜೊತೆ ಹೆಬ್ಬೆಟ್ಟಿನ ಗುರುತೂ ತೆಗೆದುಕೊಳ್ಳುತ್ತಾರೆ. ಆಮೇಲೆ ಎಲ್ಲರ ಹಾಗೆ ಓಟು ಹಾಕಿ ಬರಬಹುದು. ನೀವು ಅಲ್ಲೇ ನಿಂತು ಸಮಾಧಾನವಾಗಿ "ನಾನೇ ಬಂದಿದ್ದೇನೆ, ಅಸಲು ಕಾರ್ಡ್ ಇದೆ" ಎಂದು ಹೇಳಬೇಕು, ಅಷ್ಟೇ.

ವಾಟ್ಸಾಪಿನಲ್ಲಿ ಓಡಾಡುವ ಒಂದು ಸುಳ್ಳು

ಪ್ರತಿ ಚುನಾವಣೆಯಲ್ಲೂ ಒಂದು ಮೆಸೇಜ್ ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ "ಚಾಲೆಂಜ್ ವೋಟ್" ಕೇಳಿ, ಕೊಡಲೇಬೇಕು ಎಂದು ಅದರಲ್ಲಿರುತ್ತದೆ. ಇದು ಸುಳ್ಳು. ಚುನಾವಣಾ ಆಯೋಗವೇ ಸುಳ್ಳು ಎಂದು ಹೇಳಿದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಯಾವ ಕಾರ್ಡ್ ತೋರಿಸಿದರೂ, ಹಳೆಯ ವೋಟರ್ ಐಡಿಯನ್ನೇ ತೋರಿಸಿದರೂ ಓಟು ಹಾಕುವುದಕ್ಕೆ ಆಗುವುದಿಲ್ಲ. ಚಾಲೆಂಜ್ ಎನ್ನುವುದು ಬೇರೆ. ಬಂದಿರುವ ಮತದಾರ ಅಸಲಿ ಅಲ್ಲ ಎಂದು ಅಭ್ಯರ್ಥಿಯ ಏಜೆಂಟ್ ಒಬ್ಬರು ಎರಡು ರೂಪಾಯಿ ಕಟ್ಟಿ ತಕರಾರು ಮಾಡುವುದು ಅದು.

ಅದೇ ಮೆಸೇಜಿನಲ್ಲಿ ಇರುವ ಇನ್ನೊಂದು ಮಾತಿನಲ್ಲಿ ಅರ್ಧ ನಿಜ ಇದೆ. ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಓಟು ಹಾಕಿಬಿಟ್ಟಿದ್ದರೆ, ನಿಮ್ಮ ಗುರುತು ಸರಿ ಇದ್ದರೆ, ಟೆಂಡರ್ಡ್ ಮತ ಕೊಡಬೇಕು. ಅದು ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಹೀಗಾದರೆ ಜಗಳ ಆಡಿ ಹೊರಗೆ ಬರಬೇಡಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಹತ್ತಿರ ಟೆಂಡರ್ಡ್ ಮತ ಎಂದೇ ಹೇಳಿ ಕೇಳಿ ಪಡೆಯಿರಿ. ಇಷ್ಟು ಶೇಕಡಾ ಟೆಂಡರ್ಡ್ ಮತ ಆದರೆ ಮರುಮತದಾನ ಆಗುತ್ತದೆ ಎಂದು ಮೆಸೇಜಿನಲ್ಲಿ ಸೇರಿಸಿರುತ್ತಾರೆ. ಅಂತಹ ನಿಯಮ ಇಲ್ಲ.

ನಿಜವಾಗಿಯೂ ಹೆಸರಿಲ್ಲದಿದ್ದರೆ

ಎಲ್ಲ ನೋಡಿದ ಮೇಲೂ ಇಲ್ಲ ಎಂದಾದರೆ ಇವತ್ತು ಯಾರೂ ಸೇರಿಸಲಾರರು, ತಹಶೀಲ್ದಾರರೂ ಸೇರಿಸಲಾರರು. ಬೂತಿನವರ ಮೇಲೆ ಸಿಟ್ಟು ಮಾಡಬೇಡಿ, ಅವರ ಕೈಯಲ್ಲಿ ಇಲ್ಲ. ನೋವಾಗುತ್ತದೆ, ನನಗೂ ನಿಮ್ಮನ್ನು ವಾಪಸ್ ಕಳಿಸುವಾಗ ನೋವಾಗಿದೆ. ಆದರೆ ಬಿ.ಎಲ್.ಒ. ಎದುರಿಗೇ ಇದ್ದಾರೆ. ಅವರ ಫೋನ್ ನಂಬರ್ ತೆಗೆದುಕೊಳ್ಳಿ, ಭಾಗ ಸಂಖ್ಯೆ ಬರೆದುಕೊಳ್ಳಿ. ಅರ್ಜಿ Rejected ಎಂದಿದ್ದರೆ ಏಕೆ ಎಂದು ಕೇಳಿ. ನಾನು ಕಂಡ ಹಾಗೆ ವಯಸ್ಸಿನ ದಾಖಲೆ ಓದುವ ಹಾಗೆ ಇಲ್ಲದಿರುವುದು, ಬಿ.ಎಲ್.ಒ. ಬಂದಾಗ ಆ ವಿಳಾಸದಲ್ಲಿ ಯಾರೂ ಸಿಗದಿರುವುದು ಸಾಮಾನ್ಯ ಕಾರಣಗಳು. ಚುನಾವಣೆ ಮುಗಿದ ಮೇಲೆ ಹೊಸ ನಮೂನೆ 6 ಹಾಕಿ, ಕನ್ನಡದ ಹೆಸರನ್ನು ಅಕ್ಷರ ಅಕ್ಷರ ನೋಡಿ, ನಿಮ್ಮದೇ ಮೊಬೈಲ್ ನಂಬರ್ ಕೊಡಿ.

ಸಮಯದ ವಿಷಯವೂ ಹೇಳಿಬಿಡುತ್ತೇನೆ. ಸಂಜೆ ಆರಕ್ಕೆ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಚೀಟಿ ಕೊಡುತ್ತಾರೆ. ಸಾಲಿನ ಕೊನೆಯಲ್ಲಿರುವವರಿಂದ ಹಂಚುತ್ತ ಮುಂದೆ ಬರುತ್ತಾರೆ, ಆಮೇಲೆ ಬಂದವರು ಸೇರಿಕೊಳ್ಳಬಾರದೆಂದು. ಚೀಟಿ ಸಿಕ್ಕಿದವರು ರಾತ್ರಿ ಎಂಟಾದರೂ ಓಟು ಹಾಕಿಯೇ ಹೋಗಬಹುದು. ತಡವಾಗಿ ಹೆಸರು ಸಿಕ್ಕಿದರೂ ಆರಕ್ಕೆ ಮೊದಲು ಸಾಲಿಗೆ ಸೇರಿಕೊಳ್ಳಿ.

ಚೈತ್ರ ಹತ್ತೂವರೆಗೆ ಬೂತಿಗೆ ಹೋದಳು. ಒಂದು ನೋಟ್‌ಬುಕ್ಕಿನ ಚೂರಿನಲ್ಲಿ ಪೆನ್ಸಿಲಿನಿಂದ ಕ್ರಮ ಸಂಖ್ಯೆ ಬರೆದುಕೊಂಡಿದ್ದಳು, ಇನ್ನೊಂದು ಕೈಯಲ್ಲಿ ಆಧಾರ್. ಮೊದಲ ಮೇಜಿನವರು ಮುಂದಿನ ಪುಟಗಳನ್ನು ತಿರುವುತ್ತಿದ್ದಾಗ "ಕೊನೇಲಿದೆ ಮೇಡಂ" ಎಂದಳಂತೆ. ಅವರು ಪಟ್ಟಿಯನ್ನು ತಿರುಗಿಸಿ ಹಿಂದಿನಿಂದ ತೆಗೆದರು. ಕ್ರಮ ಸಂಖ್ಯೆ, ಹೆಸರು ಗಟ್ಟಿಯಾಗಿ ಓದಿದರು. ಏಜೆಂಟರು ಗುರುತು ಹಾಕಿಕೊಂಡರು. ಎರಡನೇ ಮೇಜಿನಲ್ಲಿ ಎಡಗೈ ತೋರುಬೆರಳಿಗೆ ಶಾಯಿ, ರಿಜಿಸ್ಟರಿನಲ್ಲಿ ಸಹಿ. ಹನ್ನೊಂದಕ್ಕೆ ನನಗೆ ಫೋಟೋ ಬಂತು: ಶಾಯಿ ಹಚ್ಚಿದ ಬೆರಳು, ಪಕ್ಕದಲ್ಲಿ ತೋಟದಿಂದ ಆಗಷ್ಟೇ ಬಂದಿದ್ದ ಭಾವನ ಬೆರಳು, ಅದರ ತುಂಬ ಸೊಪ್ಪಿನ ಹಸಿರು ಕರೆ.